ಅಪ್‌ಡೇಟ್: ಒಂದೇ ಚಂದಾದಲ್ಲಿ ಸಾಧನ ಮತ್ತು ಸೇವೆ, ಆದಾಯ ಹಂಚಿದ್ದು ಹೀಗೆ

ನಾನು ಕೇಳಿದ್ದು: "24 ತಿಂಗಳ ಚಂದಾ, ತಿಂಗಳಿಗೆ 100. ಅದರಲ್ಲೇ ಸಾಧನವೂ ಸೇರಿದೆ. ಪ್ರತಿ ತಿಂಗಳು 100 ಆದಾಯ ಅಂತ ಬರೆದರೆ ಸಾಕಾ?"

ಸಾಕಾಗಲ್ಲ. ಸಾಧನ ಮೊದಲ ದಿನವೇ ಗ್ರಾಹಕರ ಸ್ವಂತವಾಗುತ್ತದೆ, ನಮ್ಮ ಸೇವೆ ಇಲ್ಲದೆಯೂ ಕೆಲಸ ಮಾಡುತ್ತದೆ. ಹಾಗಾಗಿ ಆದಾಯ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 15 ಪ್ರಕಾರ ಸಾಧನ ಕೊಡುವುದು ಬೇರೆಯೇ ಹೊಣೆ, ಅದರ ಆದಾಯವನ್ನೂ ಬೇರೆಯಾಗಿ ಬರೆಯಬೇಕು.

ಬಿಡಿಯಾಗಿ ಮಾರಿದರೆ ಸಾಧನಕ್ಕೆ 900, 24 ತಿಂಗಳ ಸೇವೆಗೆ 2100, ಒಟ್ಟು 3000. ನಮಗೆ ಬರುವುದು 2400, ಅಂದರೆ ಶೇ. 80. ರಿಯಾಯಿತಿಯನ್ನು ಎರಡಕ್ಕೂ ಅದೇ ಪ್ರಮಾಣದಲ್ಲಿ ಹಂಚಿದೆ. ಸಾಧನಕ್ಕೆ 720, ಸೇವೆಗೆ 1680, ಅಂದರೆ ತಿಂಗಳಿಗೆ 70.

ಸಾಧನ ಕೊಟ್ಟ ದಿನ 720 ಆದಾಯ. ಬಿಲ್ ಇನ್ನೂ ಆಗಿಲ್ಲ, ಆ ಹಣ ಪಡೆಯಲು ಮುಂದೆ ಸೇವೆ ಕೊಡಬೇಕು. ಅದಕ್ಕೇ ಅದು ಕಾಂಟ್ರಾಕ್ಟ್ ಅಸೆಟ್. ಆಮೇಲೆ ಪ್ರತಿ 100ರ ಬಿಲ್‌ನಲ್ಲಿ 70 ಆದಾಯ, 30 ಆ ಅಸೆಟ್‌ನಿಂದ ಕಳೆಯುತ್ತದೆ. 24ನೇ ತಿಂಗಳಿಗೆ ಅದು ಸೊನ್ನೆಯಾಗಬೇಕು. ಆಗದಿದ್ದರೆ ಎಲ್ಲೋ ತಪ್ಪಾಗಿದೆ. ಸಾಧನದ ಹಣ ತಡವಾಗಿ ಬರುವುದರಲ್ಲಿ ಅಡಗಿರುವ ಬಡ್ಡಿಯ ಅಂಶ ದೊಡ್ಡದಲ್ಲ ಅಂತ ನೋಡಿಯೇ ಬಿಟ್ಟಿದ್ದೇನೆ.

ನಿಜಕ್ಕೂ ತಲೆ ಕೆಡಿಸಿದ್ದು ರದ್ದತಿ ಷರತ್ತು. ಗ್ರಾಹಕರು ದಂಡವಿಲ್ಲದೆ ಯಾವಾಗ ಬೇಕಾದರೂ ಬಿಡಬಹುದು ಅಂತಿದ್ದರೆ 24 ತಿಂಗಳ ಲೆಕ್ಕವೇ ನಿಲ್ಲುವುದಿಲ್ಲ. ನಮ್ಮಲ್ಲಿ ದೊಡ್ಡ ದಂಡವಿದೆ, ಆದ್ದರಿಂದ ಉಳಿಯಿತು.