ಪ್ಲಾಸ್ಟರ್‌ಬೋರ್ಡ್ ಅಂಚು ಸ್ಟಡ್ ಮೇಲೆ ಕೂರ್ತಿಲ್ಲ, ಫ್ರೇಮ್ ಬಿಚ್ಚಬೇಕಾ?

ಮಿಲ್ಟನ್‌ಕೀನ್ಸ್ ಕನ್ನಡಿಗ:
ನಮಸ್ಕಾರ. ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ರೂಮಿದೆ. ಹಿಂದಿನವರು ಎರಡು ರೂಮನ್ನು ಒಡೆದು ಒಂದು ಮಾಡಿದ್ದರು, ಬಾಗಿಲು ಎರಡೂ ಹಾಗೇ ಇವೆ. ಈಗ ಮಧ್ಯೆ ಮತ್ತೆ ಗೋಡೆ ಎಬ್ಬಿಸುತ್ತಿದ್ದೇನೆ. ಉದ್ದ 3600, ಎತ್ತರ 2400 ಮಿ.ಮೀ. ಮರ 38×63 ಸಿಎಲ್‌ಎಸ್. ಮೇಲೆ ಕೆಳಗೆ ಪ್ಲೇಟ್, 400ಕ್ಕೊಂದು ಸ್ಟಡ್, ನಡು ಎತ್ತರದಲ್ಲಿ ನಾಗಿನ್ ಎಲ್ಲ ಮುಗಿದಿದೆ. ಮೊದಲ ಬೋರ್ಡ್ ಎತ್ತಿ ನಿಲ್ಲಿಸಿದೆ. 1200ರ ಅಂಚು ಸ್ಟಡ್‌ನ ಮುಖಕ್ಕೆ ಮುಟ್ಟುತ್ತದೆ ಅಷ್ಟೇ, ಮೇಲೆ ಕೂರುವುದಿಲ್ಲ. ಸ್ಕ್ರೂ ಹಾಕುವುದು ಎಲ್ಲಿಗೆ?

ಪದ್ಮಿನಿ_ಲೀಡ್ಸ್:
ನಾಗಿನ್ ಬಿಗಿಯಾಗಿದೆ ಅನ್ಸುತ್ತೆ. ಒಂದೆರಡು ಮಿ.ಮೀ. ಉದ್ದ ಕತ್ತರಿಸಿ ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಸ್ಟಡ್ ಪಕ್ಕಕ್ಕೆ ಬಾಗುತ್ತದೆ. ಪ್ರತಿ ಬೇಯಲ್ಲೂ ಅಷ್ಟಷ್ಟು ಸೇರಿ ಕೊನೆಗೆ ಜಾಸ್ತಿ ಆಗುತ್ತದೆ. ಎಲ್ಲ ಬಿಚ್ಚಿ ಮತ್ತೆ ಕತ್ತರಿಸಿ.

ಶಿರಸಿ ಹುಡುಗ:
ಅಣ್ಣಾ, ಈ ಮರಕ್ಕೆ ಗೆದ್ದಲು ಹಿಡಿಯಲ್ವಾ? ನಮ್ಮ ಕಡೆ ಆದರೆ ನಾಲ್ಕಿಂಚಿನ ಇಟ್ಟಿಗೆ ಗೋಡೆ ಕಟ್ಟಿ ಮುಗಿಸ್ತಿದ್ವಿ.

ಮಿಲ್ಟನ್‌ಕೀನ್ಸ್ ಕನ್ನಡಿಗ:
ಇಲ್ಲಿ ಗೆದ್ದಲಿನ ಕಾಟ ಇಲ್ಲಪ್ಪ. ಮೇಲಿನ ಮಹಡಿಯ ನೆಲ ಮರದ್ದು, ಇಟ್ಟಿಗೆ ಭಾರ ಸುಮ್ನೆ ಅದರ ಮೇಲೆ ಹೇರೋಕಾಗಲ್ಲ.

ಉಳಿ-ಸುತ್ತಿಗೆ:
ಬಿಚ್ಚುವ ಮೊದಲು ಎರಡು ಕಡೆ ಟೇಪ್ ಹಿಡಿಯಿರಿ. ಗೋಡೆಯಿಂದ ಆ ಸ್ಟಡ್‌ನ ಹತ್ತಿರದ ಮುಖಕ್ಕೆ ಎಷ್ಟು? ಕೆಳಗಿನ ಪ್ಲೇಟ್ ಹತ್ತಿರ ಒಮ್ಮೆ, ನಾಗಿನ್ ಎತ್ತರದಲ್ಲಿ ಒಮ್ಮೆ. ಪದ್ಮಿನಿಯವರು ಹೇಳಿದ್ದು ನಿಜವಾದರೆ ಕೆಳಗೆ ಸರಿ ಇದ್ದು ನಡುವೆ ಮಾತ್ರ ತಪ್ಪಿರಬೇಕು. ಜೊತೆಗೆ ಮೊದಲ ನಾಗಿನ್ ಉದ್ದ ಹೇಳಿ.

ಮಿಲ್ಟನ್‌ಕೀನ್ಸ್ ಕನ್ನಡಿಗ:
ಎರಡು ಕಡೆಯೂ 1200. ನಾಗಿನ್ ಎಲ್ಲವೂ 362, ಅಂದರೆ 400ರಲ್ಲಿ 38 ಕಳೆದು. ಅದನ್ನೇ ಅಳತೆಗೋಲಿನ ಹಾಗೆ ಇಟ್ಟು ಸ್ಟಡ್ ನಿಲ್ಲಿಸುತ್ತಾ ಹೋದೆ. ಕೊನೆಯ ಬೇ ಮಾತ್ರ 324 ಬಂತು.

ಉಳಿ-ಸುತ್ತಿಗೆ:
ಹಾಗಾದರೆ ಸ್ಟಡ್ ಬಾಗಿಲ್ಲ. ಇಡೀ ಸಾಲೇ 19 ಮಿ.ಮೀ. ಸರಿದಿದೆ. ಬೋರ್ಡ್ ಶುರುವಾಗುವುದು ಗೋಡೆಯಿಂದ, ಮೊದಲ ಸ್ಟಡ್‌ನ ನಡುವಿನಿಂದ ಅಲ್ಲ. ಎರಡನೆಯ ಸ್ಟಡ್‌ನ ನಡು ಗೋಡೆಯಿಂದ 400ಕ್ಕೆ ಬರಬೇಕಿತ್ತು. ಅದಕ್ಕೆ ಮೊದಲ ಬೇಯ ನಾಗಿನ್ 343 ಸಾಕಿತ್ತು. 362 ಇಟ್ಟಿದ್ದರಿಂದ ನಿಮ್ಮ ಸ್ಟಡ್‌ಗಳ ನಡು 419, 819, 1219 ಹೀಗೆ ಹೋಗಿದೆ.

ಫ್ರೇಮ್ ಮುಟ್ಟಬೇಡಿ, ಬೋರ್ಡನ್ನೇ ಸರಿಸಿ. ಮೊದಲ ಬೋರ್ಡನ್ನು 819 ಅಗಲಕ್ಕೆ ಕತ್ತರಿಸಿ. ಆಮೇಲಿನ ಎರಡು ಪೂರ್ತಿ ಬೋರ್ಡ್ 2019ಕ್ಕೆ, 3219ಕ್ಕೆ ಸರಿಯಾಗಿ ಸ್ಟಡ್ ನಡುವೆ ಮುಗಿಯುತ್ತವೆ. ಉಳಿಯುವುದು 381. ಮೊದಲ ಬೋರ್ಡಿನಲ್ಲಿ ಕತ್ತರಿಸಿ ತೆಗೆದ ತುಂಡೂ 381! ಗೋಡೆ ತೂಕಗುಂಡಿಗೆ ನೇರ ಇಲ್ಲದಿದ್ದರೆ ಸ್ವಲ್ಪ ಕೆರೆದರೆ ಸಾಕು. ಎರಡು ತುಂಡಿನಲ್ಲೂ ಕತ್ತರಿಸಿದ ಅಂಚು ಮೂಲೆಗೆ ಹೋಗಲಿ, ಕಾಗದ ಸುತ್ತಿದ ಇಳಿಜಾರು ಅಂಚು ಜೋಡಣೆಗೆ ಬರಲಿ. ಆಗ ಟೇಪು, ಫಿಲ್ಲರ್ ಉಬ್ಬುವುದಿಲ್ಲ.

ಇನ್ನೊಂದು ಬದಿಗೆ 419ರಿಂದ ಶುರು ಮಾಡಿ. ಜೋಡಣೆ 419, 1619, 2819ರಲ್ಲಿ ಬರುತ್ತದೆ, ಎರಡು ಬದಿಯ ಜೋಡಣೆ ಒಂದೇ ಸ್ಟಡ್ ಮೇಲೆ ಬೀಳುವುದಿಲ್ಲ. ಅಲ್ಲೂ ಉಳಿದ ತುಂಡು 781, ಕೊನೆಗೆ ಬೇಕಾದ್ದೂ ಅಷ್ಟೇ.

ಪದ್ಮಿನಿ_ಲೀಡ್ಸ್:
1200ರ ಹತ್ತಿರ ಇನ್ನೊಂದು ಸ್ಟಡ್ ಅಂಟಿಸಿದರೆ ಸುಲಭ ಅಲ್ವಾ?

ಉಳಿ-ಸುತ್ತಿಗೆ:
ಆಗುತ್ತದೆ. ಆದರೆ ಆ ಬೇಯ ನಾಗಿನ್ ತೆಗೆದು 324ಕ್ಕೆ ಇಳಿಸಬೇಕು. 2400ರಲ್ಲೂ ಅದೇ ಕೆಲಸ. ಎರಡನೆಯ ಬದಿಯ ಜೋಡಣೆಗೆ ಮತ್ತೆ ಬೇರೆ ಲೆಕ್ಕ. ನನಗಂತೂ ಒಂದು ಬೋರ್ಡಿಗೆ ಚಾಕು ಎಳೆಯುವುದೇ ವಾಸಿ.

ಹಾಂ, ಒಂದು ಜೋಡಣೆಗೆ ಪ್ರತಿ ಬೋರ್ಡಿಗೆ ಸಿಗುವುದು 19 ಮಿ.ಮೀ. ಮಾತ್ರ. ಸ್ಕ್ರೂ ಅಂಚಿನಿಂದ 10 ಮಿ.ಮೀ. ಒಳಗಿರಲಿ, ಇನ್ನೂ ಹತ್ತಿರ ಹೋದರೆ ಜಿಪ್ಸಮ್ ಪುಡಿಯಾಗುತ್ತದೆ.

ಗ್ಲಾಸ್ಗೋ ಗೌಡ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಇಂಥದೇ ಗೋಡೆ ಪಕ್ಕದಲ್ಲಿ ನಡೆದರೆ ಕಿರ್ ಅನ್ನುತ್ತದೆ. ಕೆಳಗಿನ ಪ್ಲೇಟ್ ಜಾಯಿಸ್ಟ್‌ಗಳ ದಿಕ್ಕಿನಲ್ಲೇ ಇದೆ, ಎರಡರ ನಡುವೆ.

ಉಳಿ-ಸುತ್ತಿಗೆ:
ನಿಮ್ಮ ಪ್ಲೇಟ್ ನೆಲದ ಹಲಗೆಯನ್ನಷ್ಟೇ ಹಿಡಿದಿದೆ ಸಾರ್. ಹಲಗೆ ಎತ್ತಿ, ಎರಡು ಜಾಯಿಸ್ಟ್ ನಡುವೆ ಅಡ್ಡ ಮರ ಕೊಟ್ಟು, ಪ್ಲೇಟನ್ನು ಅದಕ್ಕೆ ಸ್ಕ್ರೂ ಮಾಡಬೇಕು. ಬೋರ್ಡ್ ಹೊಡೆದಾಗಿದ್ದರೆ ರಗಳೆಯ ಕೆಲಸ. ಕೆಳಗಿನ ಕೋಣೆಯ ಸೀಲಿಂಗ್ ಕಡೆಯಿಂದ ಮಾಡುವುದು ಸುಲಭವೋ ಏನೋ, ಫೋಟೋ ಹಾಕಿ.

ಮಿಲ್ಟನ್‌ಕೀನ್ಸ್ ಕನ್ನಡಿಗ:
819ಕ್ಕೆ ಕತ್ತರಿಸಿದೆ, ಎರಡನೆಯದು ಸ್ಟಡ್ ಅರ್ಧಕ್ಕೆ ಸರಿಯಾಗಿ ನಿಂತಿತು. ಸದ್ಯ ಒಂದೇ ಬದಿ ಮುಚ್ಚುತ್ತಿದ್ದೇನೆ. ಒಳಗೆ ಮಿನರಲ್ ವುಲ್ ತುಂಬಿದರೆ ಮಗಳ ವೀಣೆ ಪಕ್ಕದ ರೂಮಿಗೆ ಕೇಳಲ್ವಾ?

ಪದ್ಮಿನಿ_ಲೀಡ್ಸ್:
ಕಡಿಮೆ ಆಗುತ್ತದೆ, ಆದರೆ 63ರ ಗೋಡೆಯಲ್ಲಿ ಪೂರ್ತಿ ನಿಲ್ಲಲ್ಲ.

ಉಳಿ-ಸುತ್ತಿಗೆ:
ಭಾರದ ಅಕೌಸ್ಟಿಕ್ ಬೋರ್ಡ್ ಹಾಕಿದರೆ ಇನ್ನಷ್ಟು ತಗ್ಗುತ್ತದೆ. ಬೋರ್ಡ್ ಹೊಡೆಯುವ ಮುಂಚೆ ಬಿಲ್ಡಿಂಗ್ ಕಂಟ್ರೋಲ್‌ನವರನ್ನು ಕೇಳಿ. ಬೆಡ್‌ರೂಮ್ ಪಕ್ಕದ ಹೊಸ ಗೋಡೆಗೆ ಇಂಗ್ಲೆಂಡ್‌ನಲ್ಲಿ 40 ಡೆಸಿಬೆಲ್ ತಡೆಯಬೇಕೆಂಬ ನಿಯಮ ಇದೆ.