ಪದಚರ್ಚೆ: ವಾದ ‘ವ್ಯಾಲಿಡ್’ ಆದ್ರೆ ‘ಸೌಂಡ್’ ಅಲ್ಲ, ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ,

ಇಲ್ಲೇ ಬೆಂಗಳೂರಲ್ಲಿ ಡಿಗ್ರಿ ಮಕ್ಕಳಿಗೆ ತರ್ಕಶಾಸ್ತ್ರ ಹೇಳ್ಕೊಡ್ತೀನಿ. ಒಬ್ಳು ಹುಡುಗಿ ಪ್ರಬಂಧಕ್ಕೆ ಫೀಡ್‌ಬ್ಯಾಕ್ ಬರೀತಾ ಕೂತಿದ್ದೀನಿ, ಅವಳು ಕನ್ನಡ ಮೀಡಿಯಂನಿಂದ ಬಂದವಳು, ಅದಕ್ಕೇ ಪತ್ರ ಕನ್ನಡದಲ್ಲೇ ಇರ್ಲಿ ಅಂತ ಶುರು ಮಾಡ್ದೆ, ಈಗ ಎರಡು ಪದದ ಹತ್ರ ಸಿಕ್ಕಾಕ್ಕೊಂಡಿದೀನಿ.

ನಾನು ಕೊಟ್ಟಿದ್ದ ವಾದ: ಮೆಟ್ರೋ ಸ್ಟೇಷನ್‌ಗಳೆಲ್ಲ ನೆಲದ ಕೆಳಗಿವೆ, ಮೆಜೆಸ್ಟಿಕ್ ಒಂದು ಮೆಟ್ರೋ ಸ್ಟೇಷನ್, ಆದ್ದರಿಂದ ಮೆಜೆಸ್ಟಿಕ್ ನೆಲದ ಕೆಳಗಿದೆ. ಅವಳ ಉತ್ತರ: “ಇಂದಿರಾನಗರ ಸ್ಟೇಷನ್ ಕಂಬದ ಮೇಲಿದೆ, ಆದ್ದರಿಂದ ವಾದ ವ್ಯಾಲಿಡ್ ಅಲ್ಲ.” ಇಂದಿರಾನಗರದ ವಿಷಯ ನಿಜವೇ. ಆದ್ರೆ ಮೊದಲೆರಡು ಮಾತು ಒಪ್ಕೊಂಡವರು ಮೂರನೇದನ್ನ ಬೇಡ ಅನ್ನೋಕಾಗಲ್ಲ, ವ್ಯಾಲಿಡ್ ಅಂದ್ರೆ ಅಷ್ಟೇ, ವ್ಯಾಲಿಡ್ ಆಗಿದ್ದು ಕೊಟ್ಟ ಮಾತುಗಳೂ ನಿಜ ಆಗಿದ್ರೆ ಸೌಂಡು, ಇಲ್ಲಿ ಒಂದು ಮಾತು ಸುಳ್ಳಾಗಿರೋದ್ರಿಂದ ಹೋಗಿದ್ದು ಸೌಂಡ್‌ನೆಸ್ಸು. ವ್ಯಾಲಿಡ್‌ಗೆ ನಾನು ಸಿಂಧು ಅಂತ ಬರೆದು ಹೊಡೆದುಹಾಕ್ದೆ, ಆಮೇಲೆ ಸಮಂಜಸ ಅಂತ ಬರೆದು ಅದನ್ನೂ ಹೊಡೆದುಹಾಕ್ದೆ. ಏನು ಬರೀಲಿ?

---

ಮೇಡಂ, ಸಿಂಧು ಅನ್ನೋದೇ ಸರಿ, ಅಸಿಂಧು ಮತ ಅಂತೀವಲ್ಲ. ಸೌಂಡ್‌ಗೆ ‘ಸತ್ಯ’ ಅಂತ ಹಾಕ್ಬಿಡಿ, ತೀರ್ಮಾನ ನಿಜ ಆಗಿದ್ರೆ ಸೌಂಡು, ಇಲ್ದಿದ್ರೆ ಇಲ್ಲ, ಮುಗೀತು.
– ಬಸವನಗುಡಿಯಿಂದ

---

ಸಾರ್, ಅಲ್ಲೇ ಅವಳೂ ಎಡವಿರೋದು! ನನ್ನ ಮೆಟ್ರೋ ವಾದದಲ್ಲಿ ತೀರ್ಮಾನ ನಿಜ, ಮೆಜೆಸ್ಟಿಕ್ ನೆಲದ ಕೆಳಗೇ ಇದೆ, ಆದ್ರೂ ವಾದ ಸೌಂಡ್ ಅಲ್ಲ. ಎರಡನೇ ಪ್ರಶ್ನೇಲಿ ಇದಕ್ಕೆ ಉಲ್ಟಾ ಇತ್ತು: ನಮ್ಮ ಮೆಟ್ರೋ ಸ್ಟೇಷನ್‌ಗಳೆಲ್ಲ ಕರ್ನಾಟಕದಲ್ಲಿವೆ, ಕಬ್ಬನ್ ಪಾರ್ಕ್ ಸ್ಟೇಷನ್ ಕರ್ನಾಟಕದಲ್ಲಿದೆ, ಆದ್ದರಿಂದ ಅದು ನಮ್ಮ ಮೆಟ್ರೋ ಸ್ಟೇಷನ್. ಮೂರೂ ನಿಜ, ಅವಳು ಪೂರ್ತಿ ಮಾರ್ಕ್ಸ್ ನಿರೀಕ್ಷೆಯಲ್ಲಿ “ಸೌಂಡ್” ಅಂತ ಬರೆದು ಅಂಡರ್‌ಲೈನ್ ಬೇರೆ ಹಾಕಿದಾಳೆ. ಕಬ್ಬನ್ ಪಾರ್ಕ್ ತೆಗೆದು ಅಲ್ಲಿ ಟೌನ್ ಹಾಲ್ ಇಟ್ಟು ನೋಡಿ. ಟೌನ್ ಹಾಲೂ ಕರ್ನಾಟಕದಲ್ಲೇ ಇದೆ, ಹಾಗಂತ ಮೆಟ್ರೋ ಸ್ಟೇಷನ್ನಾ? ಅಚ್ಚು ಅದೇ, ಮೊದಲೆರಡು ಮಾತು ನಿಜ, ಮೂರನೇದು ಸುಳ್ಳು. ಅಂದ್ರೆ ಆ ಅಚ್ಚೇ ಸರಿಯಿಲ್ಲ, ಅಚ್ಚು ಸರಿಯಿಲ್ದಿದ್ರೆ ಸೌಂಡ್ ಅನ್ನೋ ಮಾತೇ ಬರಲ್ಲ.

---

ಸಿಂಧು ಅಂದಾಗ ನೆನಪಾಯ್ತು, ನಮ್ಮ ಮಗನ ಸಿಂಧುತ್ವ ಪ್ರಮಾಣಪತ್ರಕ್ಕೆ ಕಚೇರಿಗೆ ನಾಲ್ಕು ಸಲ ಅಲೆದೆ, ಪ್ರತಿ ಸಲ ಇನ್ನೊಂದು ದಾಖಲೆ ತನ್ನಿ ಅಂತಾರೆ, ಜಾತಿ ಸರ್ಟಿಫಿಕೇಟಲ್ಲಿ ಸೀಲು ಸಹಿ ಎಲ್ಲಾ ಸರಿಯಾಗೇ ಇತ್ತು. ಅರ್ಜಿ ಬೇಗ ಆಗೋಕೆ ಏನ್ ಮಾಡ್ಬೇಕು ಅಂತ ಇಲ್ಲಿ ಯಾರಿಗಾದ್ರೂ ಗೊತ್ತಾ?
– ವಿಜಯನಗರ

---

ವಿಜಯನಗರದವರಿಗೆ ಉತ್ತರ ನನ್ಹತ್ರ ಇಲ್ಲ, ಆದ್ರೆ ಅವರು ಗೊತ್ತಿಲ್ದೇನೇ ಒಳ್ಳೆ ಸಾಕ್ಷಿ ಕೊಟ್ಟಿದಾರೆ. ಸಿಂಧುತ್ವ ನೋಡೋರು ಸರ್ಟಿಫಿಕೇಟಿನ ರೂಪ ನೋಡಿ ಬಿಡಲ್ಲ, ಒಳಗೆ ಬರೆದಿರೋದು ನಿಜವಾ ಅಂತ ನೋಡ್ತಾರೆ. ಮೇಡಂಗೆ ಬೇಕಿರೋದಕ್ಕೆ ಪೂರ್ತಿ ವಿರುದ್ಧ! ಇಂಗ್ಲಿಷ್ ಪದದ್ದೂ ಅದೇ ಗತಿ, ‘ವ್ಯಾಲಿಡ್ ಪಾಯಿಂಟ್’ ಅಂತ ನಾವು ದಿನಾ ಅನ್ನೋದು ‘ಹೇಳಿದ್ದು ನಿಜ’ ಅನ್ನೋ ಅರ್ಥದಲ್ಲಿ. ಹುಡುಗಿ ಆ ಅರ್ಥಾನೇ ಪರೀಕ್ಷೆಗೆ ತಂದಿದಾಳೆ ಅನ್ಸುತ್ತೆ.

ನಮ್ಮ ಹಳೇ ತರ್ಕಪರಂಪರೆ ನ್ಯಾಯಶಾಸ್ತ್ರದಿಂದ ಪದ ಎತ್ಕೊಳ್ಳೋಣ ಅಂತ ಯಾರಾದ್ರೂ ಹೇಳೋ ಮುಂಚೆ ಒಂದು ಮಾತು. ಹೇತ್ವಾಭಾಸಗಳಲ್ಲಿ, ಅಂದ್ರೆ ಕಾರಣದ ಹಾಗೆ ಕಂಡ್ರೂ ಕಾರಣ ಅಲ್ಲದವುಗಳಲ್ಲಿ, ‘ಅಸಿದ್ಧ’ ಇದೆ: ಶಬ್ದ ಅನಿತ್ಯ, ಯಾಕಂದ್ರೆ ಅದು ಕಣ್ಣಿಗೆ ಕಾಣುತ್ತೆ ಅನ್ನೋ ಥರದ್ದು, ಕೊಟ್ಟ ಕಾರಣವೇ ಸುಳ್ಳು. ಅನ್‌ಸೌಂಡ್‌ಗೆ ಹತ್ರ ಅನ್ಸುತ್ತೆ. ಹಾಗಾದ್ರೆ ಇನ್‌ವ್ಯಾಲಿಡ್‌ಗೆ ‘ಸವ್ಯಭಿಚಾರ’, ಅಂದ್ರೆ ಸಾಧಿಸಬೇಕಾದ್ದು ಇಲ್ದಿರೋ ಕಡೇನೂ ಕಾಣಿಸೋ ಕಾರಣ, ಅಂತೀರಾ? ಆಗಲ್ಲ. ಅಲ್ಲಿ ಮುರಿಯೋದು ವ್ಯಾಪ್ತಿ, ಹೊಗೆ ಇದ್ದಲ್ಲೆಲ್ಲ ಬೆಂಕಿ ಅನ್ನೋ ಥರದ ಸಂಬಂಧ, ಅದೂ ಲೋಕದ ವಿಷಯವೇ, ವಾಕ್ಯದ ಅಚ್ಚಿನದಲ್ಲ. ನೈಯಾಯಿಕರಿಗೆ ಅನುಮಾನ ಅಂದ್ರೆ ಸಂಶಯ ಅಲ್ಲ, ಕಾರಣದಿಂದ ತೀರ್ಮಾನಕ್ಕೆ ಬರೋದು, ಅದು ಜ್ಞಾನಕ್ಕೆ ದಾರಿ, ಸುಳ್ಳು ಕಾರಣದ ಮೇಲೆ ನಿಂತಿರೋದಕ್ಕೆ ‘ಅಚ್ಚು ಮಾತ್ರ ಚೆನ್ನಾಗಿದೆ’ ಅಂತ ಬೇರೆ ಸರ್ಟಿಫಿಕೇಟ್ ಕೊಡೋ ಗೋಜಿಗೆ ಅವರು ಹೋಗಲ್ಲ. ನನ್ನ ಓಟು ‘ಕ್ರಮಬದ್ಧ’ಕ್ಕೆ. ಸೌಂಡ್‌ಗೆ ‘ಗಟ್ಟಿ’.
– ಮಲ್ಲೇಶ್ವರದ ನಿವೃತ್ತ ಮೇಷ್ಟ್ರು

---

ಗಟ್ಟಿ ಅಂದ್ರೆ ಜೋರಾಗಿ ಮಾತಾಡಿದ ವಾದ ಅನ್ಕೋತಾರೆ ಮೇಷ್ಟ್ರೇ, ಟಿವಿ ಚರ್ಚೆ ನೋಡಿ ಬೆಳೆದ ಮಕ್ಕಳು. ಕ್ರಮಬದ್ಧ ಅಂದ್ರೂ ನಾಮಪತ್ರ ಕ್ರಮಬದ್ಧ ಅಂತ ಚುನಾವಣೆ ಕಚೇರಿಯವರು ಹೇಳಿದ ಹಾಗಿದೆ.
– ಬಸವನಗುಡಿಯಿಂದ, ಮತ್ತೆ

---

ನಾಮಪತ್ರದ ಹೋಲಿಕೆ ನನಗೆ ಇಷ್ಟ ಆಯ್ತು ಸಾರ್. ನಾಮಪತ್ರ ಕ್ರಮಬದ್ಧ ಅಂದ ಮಾತ್ರಕ್ಕೆ ಅಭ್ಯರ್ಥಿ ಒಳ್ಳೆಯವನು ಅಂತ ಯಾರೂ ಅನ್ಕೊಳ್ಳಲ್ವಲ್ಲ. ರಾತ್ರಿ ಪತ್ರದಲ್ಲಿ ಹೀಗೆ ಬರೆದೆ:

“ನೋಡಮ್ಮ, ಮೊದಲ್ನೇ ವಾದ ಕ್ರಮಬದ್ಧವಾಗಿದೆ. ನೀನು ಇಂದಿರಾನಗರ ತೋರ್ಸಿ ಹೊಡೆದಿದ್ದು ಅದರ ಒಂದು ಮಾತನ್ನ, ಅದರ ಅಚ್ಚನ್ನಲ್ಲ. ಅಚ್ಚು ಕೆಟ್ಟಿದೆ ಅಂತ ತೋರ್ಸಬೇಕಾದ್ರೆ ಅದೇ ಅಚ್ಚಲ್ಲಿ ಬೇರೆ ಹೆಸರು ಹಾಕಿ ಮೊದಲೆರಡು ನಿಜ, ಮೂರನೇದು ಸುಳ್ಳು ಆಗೋ ಹಾಗೆ ಮಾಡ್ಬೇಕು. ಎರಡನೇ ಪ್ರಶ್ನೇಲಿ ಅದು ಆಗುತ್ತೆ, ಟೌನ್ ಹಾಲ್ ಹಾಕಿ ನೋಡು. ಮೊದಲ್ನೇದರಲ್ಲಿ ಯಾವ ಹೆಸರು ಹಾಕಿದ್ರೂ ಆಗಲ್ಲ, ಬೇಕಿದ್ರೆ ಕೂತು ಪ್ರಯತ್ನ ಪಡು.”

ಸೌಂಡ್ ಅನ್ನೋದನ್ನ ಸದ್ಯಕ್ಕೆ ಸೌಂಡ್ ಅಂತಲೇ ಬಿಟ್ಟಿದೀನಿ. ಸೋಮವಾರ ಕೊಡಬೇಕು, ಅಷ್ಟರಲ್ಲಿ ಯಾರಿಗಾದ್ರೂ ಹೊಳೆದ್ರೆ ಹೇಳಿ.