ಪುಟಿಯುವ ಚೆಂಡಿನ ಲೆಕ್ಕ: ನನಗೆ 5 ಬರ್ತಿದೆ, ಪುಸ್ತಕದಲ್ಲಿ 8.2 ಇದೆ

ಗುಂಡುಸೂಜಿ:
1.8 ಮೀಟರ್ ಎತ್ತರದಿಂದ ಚೆಂಡು ಬಿಡ್ತಾರೆ. ಪ್ರತಿ ಸಲವೂ ಹಿಂದಿನ ಎತ್ತರದ 0.64ರಷ್ಟು ಮೇಲೇಳುತ್ತೆ. ನಿಲ್ಲೋವರೆಗೆ ಒಟ್ಟು ಎಷ್ಟು ದೂರ ಹೋಗುತ್ತೆ ಅನ್ನೋದು ಪ್ರಶ್ನೆ. a/(1−r) ಹಾಕಿದೆ, 1.8/0.36 = 5 ಮೀಟರ್. ಪುಸ್ತಕದ ಹಿಂದೆ 8.2 ಅಂತಿದೆ. ಅಚ್ಚಿನ ತಪ್ಪಾ?

ತುಂತುರು:
ನೀವು ಕೂಡಿಸಿರೋದು ಬರೀ ಬೀಳೋ ದೂರ. ಏರಿದ್ದನ್ನ ಬಿಟ್ಟಿದ್ದೀರಿ. ಎರಡರಿಂದ ಗುಣಿಸಿ, 10 ಬರುತ್ತೆ. ಪುಸ್ತಕದ್ದೂ ತಪ್ಪೇ.

ಹಳೇಮೇಷ್ಟ್ರು:
ಪುಸ್ತಕ ಸರಿಯಾಗೇ ಇದೆ. ತುಂತುರು ಹೇಳಿದ್ದರಲ್ಲಿ ಅರ್ಧ ನಿಜ. ಆದರೆ ಮೊದಲ 1.8 ಮೀಟರನ್ನು ಚೆಂಡು ಏರಿಯೇ ಇಲ್ಲವಲ್ಲ, ಕೈಯಿಂದ ಬಿಟ್ಟದ್ದು. ಆಮೇಲಿನ ಪ್ರತಿ ಎತ್ತರವನ್ನೂ ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ. ಹಾಗಾಗಿ 10ರಲ್ಲಿ 1.8 ಕಳೆದರೆ 8.2. ಬೇರೆ ದಾರಿಯಲ್ಲೂ ನೋಡಿ: ಮೊದಲ ಏರಿಕೆ 1.8 × 0.64 = 1.152. ಏರಿಕೆಗಳ ಮೊತ್ತ 1.152/0.36 = 3.2. ಇಳಿದದ್ದು 5, ಏರಿದ್ದು 3.2. ಚೆಂಡಿನ ಲೆಕ್ಕದಲ್ಲಿ ಸೂತ್ರಕ್ಕೆ ಕೈಹಾಕುವ ಮುನ್ನ ಏರಿಕೆ, ಇಳಿಕೆಗೆ ಬೇರೆ ಬೇರೆ ಸಾಲು ಬರೆದುಕೊಳ್ಳಿ.

ತುಂತುರು:
ಸರಿ ಮೇಷ್ಟ್ರೇ. ಆದ್ರೆ ಅನಂತ ಸಲ ಪುಟಿಯುತ್ತೆ ಅಂದ್ಮೇಲೆ ಚೆಂಡು ನಿಲ್ಲೋದೇ ಇಲ್ವಲ್ಲ?

ಟಿಕ್‌ಟಿಕ್:
ನಿಲ್ಲುತ್ತೆ. ನಾನು ಅದರ ಸಮಯವನ್ನೇ ಲೆಕ್ಕ ಹಾಕಿದ್ದೆ. ಮೊದಲು ಬೀಳೋಕೆ 0.606 ಸೆಕೆಂಡ್, ಆಮೇಲಿನದಕ್ಕೆ ಅದೇ 0.64 ಹಾಕಿ ಏರಿಳಿತ ಕೂಡಿಸಿದ್ರೆ 2.76 ಸೆಕೆಂಡ್. ಆದ್ರೆ ನನ್ನ ರಬ್ಬರ್ ಚೆಂಡಿನ ಸದ್ದು ಫೋನಲ್ಲಿ ರೆಕಾರ್ಡ್ ಮಾಡಿದ್ರೆ ಸುಮಾರು ಐದು ಸೆಕೆಂಡ್ ಕೇಳಿಸುತ್ತೆ. ಗಾಳಿಯಿಂದ ಹೀಗಾಗುತ್ತಾ?

ಹಳೇಮೇಷ್ಟ್ರು:
ಗಾಳಿಯ ಮೇಲೆ ಹಾಕಬೇಡಿ. ಬೀಳುವ ಸಮಯ ಎತ್ತರದ ವರ್ಗಮೂಲದಂತೆ ಬದಲಾಗುತ್ತೆ. ಎತ್ತರದ ಅನುಪಾತ 0.64 ಆದರೆ ಸಮಯದ್ದು 0.8. ಮೊದಲ ಎರಡು ಸದ್ದುಗಳ ನಡುವೆ 2 × 0.606 × 0.8, ಅಂದರೆ 0.97 ಸೆಕೆಂಡ್. ಅಂಥ ಅಂತರಗಳೆಲ್ಲ ಸೇರಿ 0.97/0.2 = 4.85. ಮೊದಲ ಬೀಳುವಿಕೆ ಸೇರಿಸಿದರೆ ಸುಮಾರು 5.45 ಸೆಕೆಂಡ್. ತುಂತುರು ಪ್ರಶ್ನೆಗೂ ಇದೇ ಉತ್ತರ: ಲೆಕ್ಕದ ಚೆಂಡು ಅನಂತ ಸಲ ಪುಟಿದರೂ ಆರು ಸೆಕೆಂಡಿನೊಳಗೆ ಮುಗಿಸುತ್ತೆ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಒಂದೊಂದು ಅಂತರವನ್ನೂ ಅದರ ಹಿಂದಿನದರಿಂದ ಭಾಗಿಸಿ ನೋಡಿ.

ಟಿಕ್‌ಟಿಕ್:
ನೋಡಿದೆ. ಮೊದಮೊದಲು 0.8ರ ಆಸುಪಾಸು ಇದೆ. ಕೊನೇಲಿ ಸದ್ದೆಲ್ಲ ಕಲೆತು ಬರೀ ಗುರ್ ಅನ್ನುತ್ತೆ, ಅಳೆಯೋಕೇ ಆಗ್ತಿಲ್ಲ.

ಹಳೇಮೇಷ್ಟ್ರು:
20ನೇ ಪುಟಿತದ ಹೊತ್ತಿಗೆ ಅಂತರ 0.014 ಸೆಕೆಂಡಿಗೆ ಇಳಿದಿರುತ್ತೆ. ಚೆಂಡು ಅದುಮಿ ಮತ್ತೆ ಉಬ್ಬುವುದಕ್ಕೇ ಕೆಲವು ಮಿಲಿಸೆಕೆಂಡ್ ಬೇಕು, ಹಾಗಾಗಿ ಅಲ್ಲಿ ಈ ಶ್ರೇಣಿಯನ್ನು ನಂಬಬೇಡಿ.

ಗುಂಡುಸೂಜಿ:
8.2 ಅರ್ಥ ಆಯ್ತು. ಹಾಗಾದ್ರೆ ನಿಜವಾದ ಚೆಂಡಿಗೆ ಎಷ್ಟನೇ ಪುಟಿತದವರೆಗೆ 0.64 ಅಂತ ಹಿಡಿಯಬಹುದು?

ಟಿಕ್‌ಟಿಕ್:
ನನ್ನದು ರಬ್ಬರ್. ಯಾರ ಹತ್ರಾದ್ರೂ ಪಿಂಗ್‌ಪಾಂಗ್ ಚೆಂಡಿದ್ರೆ ರೆಕಾರ್ಡ್ ಮಾಡಿ ಅಂತರಗಳನ್ನ ಹಾಕಿ, ಹೋಲಿಸೋಣ.